640 ಮೆಸೇಜಿನ ಚರ್ಚೆಯನ್ನು ಒಂದು ಪುಟದ ನಡಾವಳಿ ಮಾಡೋದು ಹೇಗೆ?

ತೊಟ್ಟಿಲಗುಬ್ಬಿ

ಎರಡು ತಿಂಗಳ ಹಿಂದೆ ನಮ್ಮ ಸಂಘಕ್ಕೆ ಕಾರ್ಯದರ್ಶಿಯಾದೆ. ಯಾರೂ ಕೈ ಎತ್ತಲಿಲ್ಲ, ನಾನು ಆ ಹೊತ್ತಿಗೆ ಕೆಮ್ಮಿದೆ, ಅಷ್ಟೇ.

ಸಂಘದ ಸಭಾಂಗಣದ ಛಾವಣಿ ಸೋರುತ್ತಿದೆ. ಅದರ ಬಗ್ಗೆ ವಾಟ್ಸಾಪ್ ಗುಂಪಿನಲ್ಲಿ ಜೂನ್ 3ರಿಂದ 11ರವರೆಗೆ ಒಂಬತ್ತು ದಿನ ಮಾತು ನಡೆಯಿತು. ಒಟ್ಟು 640 ಮೆಸೇಜ್. ಕೊನೆಗೆ ಅಧ್ಯಕ್ಷರು "ಎಲ್ಲಾ ತೀರ್ಮಾನ ಆಯ್ತಲ್ಲ, ನಡಾವಳಿ ಪುಸ್ತಕಕ್ಕೆ ಒಂದು ಪುಟ ಬರೆದುಬಿಡಿ" ಅಂದರು. ಕೂತು ಬರೆದರೆ ನಾಲ್ಕು ಪುಟ ಆಯಿತು. ಓದಿದ ನನ್ನ ತಮ್ಮ "ಇದು ನಡಾವಳಿಯಲ್ಲ, ಜಗಳದ ಕಥೆ" ಅಂದ. ಅವನು ಹೇಳಿದ್ದು ನಿಜ. "ಇದಕ್ಕೆ ಉತ್ತರವಾಗಿ ಅವರು ಹೀಗೆಂದರು, ಅದಕ್ಕೆ ಇವರು ಹಾಗೆಂದರು" ಅಂತಲೇ ಓಡುತ್ತಿದೆ.

ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು ಅನ್ನೋದೇ ಗೊತ್ತಾಗ್ತಿಲ್ಲ. ಅನುಭವ ಇದ್ದವರು ಹೇಳಿ.

ನೇರನುಡಿ

ಇದಕ್ಕೆ ಇಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ತೀರಿ? ಗುಂಪಿನಲ್ಲಿ ಪೋಲ್ ಹಾಕಿರಲೇಬೇಕಲ್ಲ. ಯಾವುದಕ್ಕೆ ಜಾಸ್ತಿ ವೋಟು ಬಿತ್ತೋ ಅದೇ ತೀರ್ಮಾನ. "ಬಹುಮತದಿಂದ ನಿರ್ಣಯಿಸಲಾಯಿತು" ಅಂತ ಒಂದು ಸಾಲು ಬರೆದು ಸಹಿ ಹಾಕಿಸಿ.

ಗಾಳಿಪಟ

ನಮ್ಮ ಗುಂಪಿನಲ್ಲೂ ಇದೇ ಗೋಳು. ಬೆಳಗಾದರೆ ಶುಭೋದಯದ ಹೂವಿನ ಚಿತ್ರ, ರಾತ್ರಿ ಶುಭರಾತ್ರಿ. ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಾಗೆ ಮಾಡಿಬಿಡಿ, 640 ಇದ್ದದ್ದು 40 ಆಗುತ್ತೆ.

ತೊಟ್ಟಿಲಗುಬ್ಬಿ

ಗಾಳಿಪಟ ಅವರೇ, ಮೆಸೇಜ್ ಕಡಿಮೆ ಮಾಡೋದು ಹೇಗೆ ಅಂತ ನಾನು ಕೇಳಿಲ್ಲ. ಬಂದು ಬಿದ್ದಿರೋದನ್ನ ಏನು ಮಾಡಲಿ ಅಂತ ಕೇಳ್ತಿದ್ದೀನಿ.

ನೇರನುಡಿ ಸರ್, ಪೋಲ್ ಇತ್ತು. ಪೂರ್ತಿ ಛಾವಣಿಗೆ ಹೊಸ ಹೊದಿಕೆ 17, ಸೋರುವ ಕಡೆ ಮಾತ್ರ ದುರಸ್ತಿ 14, ಮಳೆ ಮುಗಿಯಲಿ 6. ಆದರೆ ಎರಡು ದಿನ ಬಿಟ್ಟು ಅಧ್ಯಕ್ಷರು ಎರಡನೇದನ್ನೇ ಮಾಡೋಣ ಅಂದರು, ಸಮಿತಿಯವರು ಸರಿ ಅಂದರು. ಹಾಗಾದರೆ ಯಾವುದು ತೀರ್ಮಾನ?

ಹಳೇಪೆನ್ನು

ಬೇರೆ ಬೇರೆ ಸಂಘಗಳಲ್ಲಿ ಸೇರಿಸಿ 19 ವರ್ಷ ಕಾರ್ಯದರ್ಶಿ ಕೆಲಸ ಮಾಡಿದ್ದೇನೆ. ಮೊದಲು ಕಾಗದದಲ್ಲಿ, ಈಗ ಈ ಫೋನಿನಲ್ಲಿ.

ನಾಲ್ಕು ಪುಟ ಯಾಕಾಯಿತು ಅಂದರೆ ನೀವು ಮೇಲಿಂದ ಕೆಳಗೆ ಓದಿದ್ದೀರಿ. ಹಾಗೆ ಓದಿದರೆ ಪ್ರತಿ ಮಾತೂ ಮುಖ್ಯ ಅನಿಸುತ್ತೆ. ಕೊನೆಯಿಂದ ಹಿಂದಕ್ಕೆ ಹೋಗಿ. ತೀರ್ಮಾನ ಮಾಡುವ ಅಧಿಕಾರ ಇರುವವರ ಮುಂದೆ "ಹೀಗೆ ಮಾಡೋಣ, ಹೇಳಿ" ಅಂತ ಪ್ರಸ್ತಾವ ಇಟ್ಟ ಕಟ್ಟಕಡೆಯ ಮೆಸೇಜ್ ಯಾವುದು ಅಂತ ಹುಡುಕಿ. ಅದೇ ನಿಮ್ಮ ಗೂಟ. ಅಲ್ಲಿಂದ ಮುಂದಕ್ಕೆ ಯಾರು ಒಪ್ಪಿದರು, ಯಾರು ಬೇಡ ಅಂದರು ಅಂತ ನೋಡಿ. ಹಿಂದಕ್ಕೆ ಹೋಗಿ ಆ ಪ್ರಸ್ತಾವಕ್ಕೆ ಬೇಕಾದ ವಿವರ, ಅಂದರೆ ಯಾವ ಕೊಟೇಶನ್, ಎಷ್ಟು ಜಾಗ, ಯಾರ ಜವಾಬ್ದಾರಿ, ಅದಷ್ಟನ್ನೇ ಎತ್ತಿಕೊಳ್ಳಿ. ಉಳಿದ 600 ಮೆಸೇಜಿಗೆ ಕೈ ಮುಗಿದು ಬಿಟ್ಟುಬಿಡಿ. ವಾದ ಮಾಡಿದವರಿಗೆ ಬೇಜಾರಾಗುತ್ತೆ, ಆಗಲಿ. ನಡಾವಳಿಯಲ್ಲಿ ಏನಾಯಿತು ಅನ್ನೋದು ಇರಬೇಕು, ಯಾರು ಎಷ್ಟು ಚೆನ್ನಾಗಿ ಮಾತಾಡಿದರು ಅನ್ನೋದಲ್ಲ.

ಇನ್ನು ಪೋಲ್. ನಿಮ್ಮ ಬೈಲಾದಲ್ಲಿ ಸಮಿತಿ ತಾನಾಗಿ ಎಷ್ಟರವರೆಗೆ ಖರ್ಚು ಮಾಡಬಹುದು ಅಂತ ಒಂದು ಮಿತಿ ಇರಬೇಕು. ಅದನ್ನು ತೆಗೆದು ನೋಡಿದ್ದೀರಾ? ಹಾಗೇ, ಗುಂಪಿನಲ್ಲಿ ಇರೋರೆಲ್ಲ ಸದಸ್ಯರೇನಾ?

ತೊಟ್ಟಿಲಗುಬ್ಬಿ

ಅಕ್ಕ, ಈಗ ನೋಡಿದೆ. ಮಿತಿ ಇದೆ. ಪೂರ್ತಿ ಹೊದಿಕೆಯ ಖರ್ಚು ಅದನ್ನು ಮೀರುತ್ತೆ, ಅದಕ್ಕೆ ಸರ್ವಸದಸ್ಯರ ಸಭೆಯೇ ಬೇಕು. ಸೋರುವ ಕಡೆ ಮಾತ್ರ ಆದರೆ ಸಮಿತಿಯೇ ಮಾಡಬಹುದು. ಇದು ನನಗೆ ಹೊಳೆದೇ ಇರಲಿಲ್ಲ.

ಪೋಲಿನಲ್ಲಿ `View votes` ಒತ್ತಿ ಹೆಸರುಗಳನ್ನು ಎಣಿಸಿದೆ. 37 ವೋಟು ಇದೆ, ಆದರೆ ಹಾಕಿದವರು 29 ಜನ. ಎಂಟು ಜನ ಮೊದಲನೇದಕ್ಕೂ ಎರಡನೇದಕ್ಕೂ ಹಾಕಿದ್ದಾರೆ! ಐದು ಜನ ಸದಸ್ಯರೇ ಅಲ್ಲ. ಇಬ್ಬರು ಸಂಘ ಬಿಟ್ಟು ಹೋದವರು, ಗುಂಪು ಬಿಟ್ಟಿಲ್ಲ. ಮೂವರು ಸದಸ್ಯರ ಮನೆಯವರು.

ಹಳೇಪೆನ್ನು

ಪೋಲ್ ಮಾಡುವಾಗ `Allow multiple answers` ಅನ್ನೋದು ಮೊದಲೇ ಆನ್ ಆಗಿರುತ್ತೆ. ಯಾರೂ ಆಫ್ ಮಾಡೋದಿಲ್ಲ. ಹಾಕಿದ ವೋಟನ್ನು ಆಮೇಲೆ ಬದಲಿಸಲೂಬಹುದು. ಇವತ್ತು 17 ಇದ್ದದ್ದು ನಾಳೆ 15 ಆಗಿರಬಹುದು.

ಆದ್ದರಿಂದ ಆ ಪೋಲ್ ಅಭಿಪ್ರಾಯ, ಮತದಾನ ಅಲ್ಲ. "ಸದಸ್ಯರ ಅಭಿಪ್ರಾಯ ಕೇಳಲಾಯಿತು" ಅಂತ ಒಂದು ಸಾಲು ಸಾಕು. ಅಂಕಿ ಹಾಕಬೇಡಿ. ಹಾಕಿದರೆ ನಾಳೆ ಯಾರಾದರೂ "17 ದೊಡ್ಡದೋ 14 ದೊಡ್ಡದೋ" ಅಂತ ಕೇಳುತ್ತಾರೆ.

ನೇರನುಡಿ

ಒಪ್ಪಿದೆ, ನಾನು ಹೇಳಿದ್ದು ಪೂರ್ತಿ ಸರಿಯಲ್ಲ. ಆದರೆ ಅಂಕಿ ಮುಚ್ಚಿಡೋದು ಸರಿ ಅಂತ ನನಗನಿಸೋದಿಲ್ಲ. 17 ಜನ ಬೇರೆಯದನ್ನು ಕೇಳಿದ್ದರು ಅನ್ನೋದು ದಾಖಲೆಯಲ್ಲಿ ಇರಬೇಕಲ್ವಾ? ಇಲ್ಲದಿದ್ದರೆ ಸಮಿತಿ ತನಗೆ ಬೇಕಾದ ಹಾಗೆ ಮಾಡಿಕೊಂಡಿತು ಅಂತಾಗುತ್ತೆ.

ಹಳೇಪೆನ್ನು

ನಿಮ್ಮ ಮಾತಿನಲ್ಲೂ ಅರ್ಥ ಇದೆ. ಅಂಕಿ ಹಾಕುವುದಾದರೆ ಸದಸ್ಯರಲ್ಲದವರನ್ನು ತೆಗೆದು, ಎರಡೆರಡು ಹಾಕಿದವರು ಎಷ್ಟು ಅಂತಲೂ ಹೇಳಬೇಕು. ಅಷ್ಟು ಮಾಡೋ ಸಹನೆ ಇದ್ದರೆ ಹಾಕಿ. ನಾನಾದರೆ ಹಾಕುತ್ತಿರಲಿಲ್ಲ.

ಮುಂಗುರುಳು

ನಮ್ಮಲ್ಲಿ ಆದದ್ದು ಹೇಳ್ತೀನಿ. ಗುಂಪಿನಲ್ಲೇ ಮಾತಾಡಿ ಒಬ್ಬರಿಗೆ ಬಣ್ಣ ಹೊಡೆಯುವ ಕೆಲಸ ಕೊಟ್ಟೆವು. ಎಲ್ಲರೂ ಓಕೆ ಓಕೆ ಅಂದಿದ್ದರು. ವರ್ಷದ ಕೊನೆಗೆ ಲೆಕ್ಕ ಪರಿಶೋಧಕರು "ನಿರ್ಣಯ ಎಲ್ಲಿ?" ಅಂದರು. ಗುಂಪಿನಲ್ಲಿದೆ ತೋರಿಸ್ತೀವಿ ಅಂತ ಹೋದರೆ ಏನೂ ಇಲ್ಲ. ಯಾರೋ ಯಾವಾಗಲೋ ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಹಾಕಿಬಿಟ್ಟಿದ್ದರು, 90 ದಿನಕ್ಕೆ. ಖಜಾಂಚಿ ಪಾಪ ಮೂರು ತಿಂಗಳು ಎಲ್ಲರ ಮನೆ ಬಾಗಿಲಿಗೆ ಹೋಗಿ ಸಹಿ ತಗೊಂಡರು. ಇಬ್ಬರು "ನಾನು ಒಪ್ಪಿರಲೇ ಇಲ್ಲ" ಅಂದುಬಿಟ್ಟರು.

ಆದ್ದರಿಂದ ಇವತ್ತೇ ಚಾಟ್ ತೆಗೆದು ಇಟ್ಟುಕೊಳ್ಳಿ.

ತೊಟ್ಟಿಲಗುಬ್ಬಿ

ತೆಗೆದಿದ್ದೀನಿ. `Export chat` ಒತ್ತಿ `Without media` ಕೊಟ್ಟೆ, ಒಂದು ಟೆಕ್ಸ್ಟ್ ಫೈಲ್ ಬಂತು. ಅಕ್ಕ ಹೇಳಿದ ಗೂಟ ಸಿಕ್ಕಿದೆ. ಹೆಸರು ಬದಲಿಸಿ ಹಾಕ್ತಿದ್ದೀನಿ:

```
09/06/24, 9:42 pm - ಅಧ್ಯಕ್ಷರು: ಹಾಗಾದರೆ ಈಗ ಸೋರುವ ಕಡೆ ಮಾತ್ರ ಮಾಡಿಸೋಣ, ಎರಡನೇ ಕೊಟೇಶನ್ ಪ್ರಕಾರ. ಪೂರ್ತಿ ಹೊದಿಕೆ ಮಾತು ವಾರ್ಷಿಕ ಸಭೆಗೆ. ಸಮಿತಿಯವರು ಹೇಳಿ
09/06/24, 9:44 pm - ಖಜಾಂಚಿ: ಸರಿ
09/06/24, 9:45 pm - ಸಮಿತಿ 4: ಬೇಡ. ತೇಪೆ ಹಾಕಿದರೆ ಮುಂದಿನ ವರ್ಷ ಮತ್ತೆ ಇದೇ
09/06/24, 9:51 pm - ಸಮಿತಿ 6: ಆಗಲಿ, ನನ್ನ ಒಪ್ಪಿಗೆ ಇದೆ
```

ಅಧ್ಯಕ್ಷರನ್ನೂ ಸೇರಿಸಿ ಸಮಿತಿಯಲ್ಲಿ ಒಂಬತ್ತು ಜನ, ಕೋರಂ ಐದು. ನನ್ನ ಲೆಕ್ಕ: ಬರೆದು ಒಪ್ಪಿದವರು ಅಧ್ಯಕ್ಷರು ಸೇರಿ ಐದು. ಹೆಬ್ಬೆರಳು ತೋರಿಸಿದವರು ಇಬ್ಬರು. ಬೇಡ ಅಂದವರು ಒಬ್ಬರು. ಮಾತೇ ಆಡದವರು ಒಬ್ಬರು. ಏಳು ಜನ ಒಪ್ಪಿದ ಹಾಗಾಯ್ತಲ್ಲ?

ಲೆಕ್ಕದಪುಸ್ತಕ

ಒಂದು ನಿಮಿಷ. ಎಕ್ಸ್‌ಪೋರ್ಟ್ ಫೈಲನ್ನು ಮಾತ್ರ ನಂಬಬೇಡಿ. ಯಾರು ಯಾವ ಮೆಸೇಜಿಗೆ ರಿಪ್ಲೈ ಕೊಟ್ಟರು ಅನ್ನೋದು ಆ ಫೈಲಿನಲ್ಲಿ ಬರೋದೇ ಇಲ್ಲ. ಉತ್ತರ ಮಾತ್ರ ಬರುತ್ತೆ, ಬಂದ ಹೊತ್ತಿನ ಪ್ರಕಾರ ಸಾಲಾಗಿ ಕೂತಿರುತ್ತೆ. ಹೆಬ್ಬೆರಳು, ಕೈ ಮುಗಿಯೋದು, ಯಾವ ರಿಯಾಕ್ಷನ್ನೂ ಬರೋದಿಲ್ಲ. ಪೋಲಿನಲ್ಲಿ ಅಂಕಿ ಬರುತ್ತೆ, ಹೆಸರು ಬರೋದಿಲ್ಲ. ಫೋನ್ ತೆಗೆದು ಆ 9:51ರ ಮೆಸೇಜ್ ನೋಡಿ.

ತೊಟ್ಟಿಲಗುಬ್ಬಿ

ಅಯ್ಯೋ.

ಅದು ಛಾವಣಿಗೆ ಕೊಟ್ಟ ಉತ್ತರ ಅಲ್ಲವೇ ಅಲ್ಲ! ಬೆಳಿಗ್ಗೆ ಖಜಾಂಚಿ "ಸಭಾಂಗಣದ ಬೀಗ ಬದಲಿಸೋಣವಾ" ಅಂತ ಕೇಳಿದ್ದರು. ಸಮಿತಿ 6 ಅವರು ರಾತ್ರಿ ಅದಕ್ಕೆ ರಿಪ್ಲೈ ಮಾಡಿ "ಆಗಲಿ, ನನ್ನ ಒಪ್ಪಿಗೆ ಇದೆ" ಅಂದಿದ್ದಾರೆ. ಫೋನಿನಲ್ಲಿ ಮೇಲೆ ಬೀಗದ ಮಾತು ಚಿಕ್ಕದಾಗಿ ಕಾಣುತ್ತೆ. ಫೈಲಿನಲ್ಲಿ ನೇರ ಅಧ್ಯಕ್ಷರ ಪ್ರಸ್ತಾವದ ಕೆಳಗೆ ಕೂತುಬಿಟ್ಟಿದೆ. ನಾನು ಅವರನ್ನು ಛಾವಣಿಗೆ ಒಪ್ಪಿಸಿಬಿಟ್ಟಿದ್ದೆ.

ಹಳೇಪೆನ್ನು

ಈ ತಪ್ಪು ನಾನೂ ಮಾಡಿದ್ದೇನೆ. ಅದಕ್ಕೇ ಫೈಲ್ ಹುಡುಕೋದಕ್ಕೆ, ಫೋನ್ ಖಚಿತ ಮಾಡಿಕೊಳ್ಳೋದಕ್ಕೆ. ಒಪ್ಪಿಗೆಯ ಒಂದೊಂದು ಸಾಲನ್ನೂ ಫೋನಿನಲ್ಲಿ ಬೆರಳಿಟ್ಟು ನೋಡಿ, ಆ ಭಾಗದ ಸ್ಕ್ರೀನ್‌ಶಾಟ್ ತೆಗೆದಿಡಿ.

ಹೆಬ್ಬೆರಳಿನ ವಿಷಯ. ಕೆಲವರಿಗೆ ಅದು "ಒಪ್ಪಿದೆ", ಕೆಲವರಿಗೆ "ಓದಿದೆ", ಇನ್ನು ಕೆಲವರಿಗೆ ಕೈ ತಾಗಿ ಬಿದ್ದದ್ದು. ನೀವು ಊಹೆ ಮಾಡಬೇಡಿ. ಆ ಇಬ್ಬರಿಗೂ, ಸಮಿತಿ 6 ಅವರಿಗೂ, ಮಾತಾಡದ ಒಬ್ಬರಿಗೂ ಬೇರೆ ಬೇರೆಯಾಗಿ ಒಂದೇ ಮೆಸೇಜ್ ಕಳಿಸಿ. ಪ್ರಸ್ತಾವವನ್ನು ಪೂರ್ತಿ ಬರೆದು "ಒಪ್ಪಿಗೆ, ವಿರೋಧ, ತಟಸ್ಥ, ಯಾವುದು ಅಂತ ಬರೆದು ಕಳಿಸಿ" ಅಂತ. "ಒಪ್ಪಿದ್ದೀರಲ್ವಾ?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಯಾರೂ ಇಲ್ಲ ಅನ್ನೋದಿಲ್ಲ.

ನೇರನುಡಿ

ಮೌನ ಸಮ್ಮತಿ ಅಂತ ಗಾದೆಯೇ ಇದೆಯಲ್ಲ.

ಹಳೇಪೆನ್ನು

ಮದುವೆ ಮಾತುಕತೆಗೆ ಇರಬಹುದು ಸರ್. ನಡಾವಳಿಗೆ ಇಲ್ಲ. ಅವರು ಮೆಸೇಜ್ ಓದಿದ್ದಾರೋ ಇಲ್ಲವೋ ಅನ್ನೋದನ್ನೂ ಕಳಿಸಿದವರ ಫೋನಿನಲ್ಲಿ ಮಾತ್ರ ನೋಡಬಹುದು. ಓದಿದ್ದರೂ ಅದು ಒಪ್ಪಿಗೆ ಅಲ್ಲ. "ಇಂಥ ದಿನದೊಳಗೆ ಉತ್ತರ ಬರದಿದ್ದರೆ ಒಪ್ಪಿಗೆ ಎಂದು ಭಾವಿಸಲಾಗುವುದು" ಅಂತ ಬೈಲಾದಲ್ಲೇ ಇದ್ದರೆ ಆ ಮಾತು ಬೇರೆ.

ತೊಟ್ಟಿಲಗುಬ್ಬಿ (ಮರುದಿನ)

ಉತ್ತರ ಬಂತು. ಹೆಬ್ಬೆರಳಿನವರಲ್ಲಿ ಒಬ್ಬರು "ಒಪ್ಪಿಗೆ" ಅಂತ ಬರೆದರು. ಇನ್ನೊಬ್ಬರು "ನಾನು ನೋಡಿದ್ದೀನಿ ಅಂತ ಹಾಕಿದ್ದು, ಇದರ ಬಗ್ಗೆ ಯೋಚನೆ ಮಾಡಿಲ್ಲ" ಅಂದರು, ಆಮೇಲೆ ಏನೂ ಹೇಳಲಿಲ್ಲ. ಸಮಿತಿ 6 ಅವರು ತಟಸ್ಥ. ಮಾತಾಡದವರು ಈಗಲೂ ಮಾತಾಡಿಲ್ಲ.

ಅಂದರೆ ಒಪ್ಪಿಗೆ 5, ವಿರೋಧ 1, ತಟಸ್ಥ 1, ಉತ್ತರ ಇಲ್ಲ 2. ನಿನ್ನೆ ಏಳು ಅಂದುಕೊಂಡಿದ್ದೆ. ಒಂಬತ್ತರಲ್ಲಿ ಐದು ಅಂದರೆ ದಾರ ಎಳೆಯಷ್ಟರಲ್ಲಿ ಪಾರು.

ಲೆಕ್ಕದಪುಸ್ತಕ

ನಾನು ಖಜಾಂಚಿ ಆಗಿರೋದರಿಂದ ನನ್ನ ತಲೆ ದುಡ್ಡಿನ ಕಡೆಗೇ ಹೋಗುತ್ತೆ. ಮುಂಗಡ ಎಷ್ಟು ಅಂತ ಎಲ್ಲಿ ತೀರ್ಮಾನ ಆಯಿತು?

ತೊಟ್ಟಿಲಗುಬ್ಬಿ

10ನೇ ತಾರೀಖು ನಮ್ಮ ಖಜಾಂಚಿ "ಗುತ್ತಿಗೆದಾರ ಶೇ. 50 ಕೇಳ್ತಿದ್ದಾನೆ, ನಾನು 30 ಅಂದಿದ್ದೀನಿ" ಅಂತ ಹಾಕಿದ್ದಾರೆ. ಅದರ ಕೆಳಗೆ ಒಬ್ಬರು "30 ಸಾಕು" ಅಂದಿದ್ದಾರೆ. ಅದನ್ನೂ ಅದೇ ನಿರ್ಣಯದಲ್ಲಿ ಸೇರಿಸಿ "ಶೇ. 30 ಮುಂಗಡದೊಂದಿಗೆ" ಅಂತ ಬರೆದಿದ್ದೀನಿ.

ಹಳೇಪೆನ್ನು

ತೆಗೆಯಿರಿ. ಐದು ಜನ ಒಪ್ಪಿದ್ದು 9ನೇ ತಾರೀಖಿನ ಮಾತಿಗೆ. ಅದರಲ್ಲಿ ಮುಂಗಡದ ಸುದ್ದಿ ಇರಲಿಲ್ಲ. ಮರುದಿನದ ಷರತ್ತನ್ನು ನೀವು ಹಿಂದಿನ ದಿನದ ಒಪ್ಪಿಗೆಗೆ ಹೊಲಿದುಬಿಟ್ಟರೆ, ಅವರು ಓದದ ಕಾಗದಕ್ಕೆ ಅವರ ಸಹಿ ಹಾಕಿಸಿದ ಹಾಗೆ. ಗುಂಪಿನ ಚರ್ಚೆಯನ್ನು ಚಿಕ್ಕದು ಮಾಡುವಾಗ ತುಂಬಾ ಜನ ಜಾರೋದು ಇಲ್ಲೇ. ವಿಷಯ ಒಂದೇ ಅಲ್ವಾ ಅಂತ ಎಲ್ಲಾ ಒಟ್ಟು ಮಾಡಿ ಒಂದು ಅಂದವಾದ ವಾಕ್ಯ ಬರೆಯುತ್ತಾರೆ. ಆ ವಾಕ್ಯವನ್ನು ಯಾರೂ ಒಪ್ಪಿರೋದೇ ಇಲ್ಲ.

ಮುಂಗಡವನ್ನು "ತೀರ್ಮಾನ ಆಗಬೇಕಾದದ್ದು" ಅಂತ ಬೇರೆ ಇಡಿ. ಸಭೆಯಲ್ಲಿ ತೀರ್ಮಾನ ಆಗಲಿ.

ನೇರನುಡಿ

ಸಭೆ ಅಂದಿರಲ್ಲ, ಅದಕ್ಕೇ ಕೇಳ್ತೀನಿ. ಸುಮ್ನೆ "9ನೇ ತಾರೀಖು ಭಾನುವಾರ ಸಂಜೆ 6ಕ್ಕೆ ಸಮಿತಿ ಸಭೆ ಸೇರಿತ್ತು" ಅಂತ ಬರೆದು ಎಲ್ಲರ ಸಹಿ ತಗೊಂಡರೆ ಆಗಲ್ವಾ? ಎಷ್ಟೋ ಕಡೆ ಹಾಗೇ ಮಾಡ್ತಾರೆ.

ಹಳೇಪೆನ್ನು

ಮಾಡ್ತಾರೆ, ಗೊತ್ತು. ಸಿಕ್ಕಿಬೀಳೋವರೆಗೂ ಮಾಡ್ತಾರೆ. ಬೇಡ ಅಂದ ಸಮಿತಿ 4 ಅವರ ಹತ್ತಿರ ಅದೇ ಚಾಟ್ ಇದೆ. ಆ ಸಂಜೆ ಅವರು ಊರಲ್ಲೇ ಇರಲಿಲ್ಲ ಅಂದರೆ? ಆಮೇಲೆ ಈ ಪುಟ ಮಾತ್ರ ಅಲ್ಲ, ಪುಸ್ತಕದ ಹಿಂದಿನ ಪುಟಗಳನ್ನೂ ಯಾರೂ ನಂಬೋದಿಲ್ಲ. ನಡೆಯದ ಸಭೆಯನ್ನು ನಡೆದಿದೆ ಅಂತ ಬರೆಯಬೇಡಿ. ಗುಂಪಿನಲ್ಲಿ ನಡೆದ ಚರ್ಚೆಯ ಟಿಪ್ಪಣಿ ಅಂತಲೇ ತಲೆಬರಹ ಕೊಡಿ. ಮುಂದಿನ ಸಮಿತಿ ಸಭೆಯಲ್ಲಿ ಓದಿ, ಅಲ್ಲಿ ಸ್ಥಿರೀಕರಿಸಿ, ಆ ಸಭೆಯ ನಡಾವಳಿಗೆ ಇದನ್ನು ಲಗತ್ತಿಸಿ. ಬರಹದ ಮೂಲಕ ನಿರ್ಣಯ ಮಾಡಬಹುದು ಅಂತ ನಿಮ್ಮ ಬೈಲಾ ಹೇಳಿದರೆ ಇದೇ ನಿರ್ಣಯ ಆಗುತ್ತೆ. ಹೇಳದಿದ್ದರೆ ಸಭೆಯ ದಿನದಿಂದಲೇ ಅದಕ್ಕೆ ಬಲ.

ಲೆಕ್ಕದಪುಸ್ತಕ

ಹಾಗಾದರೆ ಸಭೆಗೆ ಮುಂಚೆ ಮುಂಗಡ ಕೊಟ್ಟರೆ ಕೊಟ್ಟವರ ತಲೆ ಮೇಲೆ ಅಲ್ವಾ? ನಾನಾದರೆ ಚೆಕ್ ಬರೆಯೋದಿಲ್ಲ.

ಮುಂಗುರುಳು

ಛಾವಣಿ ಸೋರುತ್ತಿರುವಾಗ ಎಷ್ಟು ದಿನ ಕಾಯೋದು ಸರ್? ತುರ್ತು ಖರ್ಚಿಗೆ ಅಂತ ಅಧ್ಯಕ್ಷರಿಗೆ ಅಧಿಕಾರ ಇರುತ್ತಲ್ಲ.

ಲೆಕ್ಕದಪುಸ್ತಕ

ಒಂಬತ್ತು ದಿನ ಹರಟೆ ಹೊಡೆದ ಮೇಲೆ ತುರ್ತು ಅಂದರೆ ಯಾರು ನಂಬ್ತಾರೆ?

ತೊಟ್ಟಿಲಗುಬ್ಬಿ

ಬೈಲಾದಲ್ಲಿ ಬರಹದ ನಿರ್ಣಯದ ಮಾತೇ ಇಲ್ಲ. 16ನೇ ತಾರೀಖು ಭಾನುವಾರ ಸಮಿತಿ ಸಭೆ ಕರೆದಿದ್ದೀವಿ. ಅಲ್ಲಿಯವರೆಗೆ ಮುಂಗಡ ಇಲ್ಲ, ಸೋರುವ ಕಡೆ ಟಾರ್ಪಾಲ್ ಹೊದಿಸಿದ್ದೀವಿ. ಇದು ನನ್ನ ಹೊಸ ಕರಡು, ನೋಡಿ:

> ವಾಟ್ಸಾಪ್ ಗುಂಪಿನಲ್ಲಿ 3-6-2024ರಿಂದ 11-6-2024ರವರೆಗೆ ನಡೆದ ಚರ್ಚೆಯ ಟಿಪ್ಪಣಿ
> (16-6-2024ರ ಸಮಿತಿ ಸಭೆಯ ಸ್ಥಿರೀಕರಣಕ್ಕಾಗಿ)
>
> ವಿಷಯ: ಸಭಾಂಗಣದ ಛಾವಣಿ ದುರಸ್ತಿ.
>
> ಬಂದಿರುವ ಮೂರು ಕೊಟೇಶನ್‌ಗಳನ್ನು ಗುಂಪಿನಲ್ಲಿ ಹಾಕಿ ಸದಸ್ಯರ ಅಭಿಪ್ರಾಯ ಕೇಳಲಾಯಿತು. ಪೂರ್ತಿ ಛಾವಣಿಗೆ ಹೊಸ ಹೊದಿಕೆ ಹಾಕುವ ಖರ್ಚು ಸಮಿತಿಯ ಮಿತಿಯನ್ನು ಮೀರುತ್ತದೆ.
>
> ಪ್ರಸ್ತಾವ (ಅಧ್ಯಕ್ಷರು, 9-6-2024): ಸೋರುವ ಭಾಗವನ್ನು ಮಾತ್ರ ಎರಡನೇ ಕೊಟೇಶನ್ ಪ್ರಕಾರ ಈಗ ದುರಸ್ತಿ ಮಾಡಿಸುವುದು. ಪೂರ್ತಿ ಹೊದಿಕೆಯ ವಿಷಯವನ್ನು ವಾರ್ಷಿಕ ಸಭೆಯ ಮುಂದಿಡುವುದು.
>
> ಸಮಿತಿಯ ಒಂಬತ್ತು ಸದಸ್ಯರಲ್ಲಿ: ಒಪ್ಪಿಗೆ 5, ವಿರೋಧ 1, ತಟಸ್ಥ 1, ಉತ್ತರ ಬಂದಿಲ್ಲ 2. (ಒಪ್ಪಿಗೆಗಳಲ್ಲಿ ಒಂದು, ಮತ್ತು ತಟಸ್ಥ ಎಂಬ ಉತ್ತರ, ಕಾರ್ಯದರ್ಶಿ ಆಮೇಲೆ ಬರಹದಲ್ಲಿ ಕೇಳಿದ ಮೇಲೆ ಬಂದವು.)
>
> ಸಭೆಯಲ್ಲಿ ತೀರ್ಮಾನ ಆಗಬೇಕಾದದ್ದು: ಮುಂಗಡದ ಪ್ರಮಾಣ, ಕೆಲಸದ ಮೇಲ್ವಿಚಾರಣೆ ಯಾರದು, ಸಭಾಂಗಣದ ಬೀಗ ಬದಲಾವಣೆ.

ಹಳೇಪೆನ್ನು

ಚೆನ್ನಾಗಿದೆ. ಅರ್ಧ ಪುಟವೂ ಇಲ್ಲ. ಆವರಣದಲ್ಲಿ ಹಾಕಿದ ಆ ಸಾಲು ಇರಲಿ, ಯಾರು ಏನೇ ಅಂದರೂ ತೆಗೆಯಬೇಡಿ. "ಎರಡನೇ ಕೊಟೇಶನ್" ಅನ್ನೋದು ಮಾತ್ರ ಸಾಲದು. ಇನ್ನು ಎರಡು ವರ್ಷಕ್ಕೆ ಯಾವುದು ಎರಡನೇದು ಅಂತ ಯಾರಿಗೆ ನೆನಪಿರುತ್ತೆ? ಕೊಟ್ಟವರ ಹೆಸರು, ತಾರೀಖು, ಮೊತ್ತ ಹಾಕಿ. "ಸೋರುವ ಭಾಗ" ಅಂದರೆ ಎಲ್ಲಿ ಅನ್ನೋದನ್ನೂ ಹೇಳಿ. ಇಲ್ಲದಿದ್ದರೆ ಗುತ್ತಿಗೆದಾರ ಒಂದು ಮೂಲೆ ಬಳಿದು ಎದ್ದು ಹೋಗುತ್ತಾನೆ.

ತೊಟ್ಟಿಲಗುಬ್ಬಿ

ಸರಿ ಅಕ್ಕ. ವೇದಿಕೆಯ ಮೇಲ್ಭಾಗ ಮತ್ತು ಉತ್ತರದ ಗೋಡೆ ಉದ್ದಕ್ಕೂ ಅಂತ ಕೊಟೇಶನ್‌ನಲ್ಲೇ ಇದೆ, ಅದನ್ನೇ ಹಾಕ್ತೀನಿ.

ಈಗ ಎರಡು ಹೊಸ ತಲೆನೋವು. ಕರಡು ನೋಡಿದ ಅಧ್ಯಕ್ಷರು ಫೋನ್ ಮಾಡಿ "ವಿರೋಧ 1 ಅಂತ ಯಾಕೆ, ಸರ್ವಾನುಮತ ಅಂತ ಹಾಕಿ, ನೋಡೋಕೆ ಚೆನ್ನಾಗಿರುತ್ತೆ" ಅಂದರು. ಆಗೋದಿಲ್ಲ ಸರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಇಟ್ಟುಬಿಟ್ಟರು.

ಇತ್ತ ಸಮಿತಿ 4 ಅವರು ತಮ್ಮ ವಿರೋಧದ ಕಾರಣ ದಾಖಲಾಗಬೇಕು ಅಂತ ಮೂರು ಪ್ಯಾರಾ ಬರೆದು ಕಳಿಸಿದ್ದಾರೆ. ಅದರಲ್ಲಿ ಅಧ್ಯಕ್ಷರ ಬಗ್ಗೆಯೇ ಎರಡು ಪ್ಯಾರಾ ಇದೆ.

ನೇರನುಡಿ

ಹಾಕಬೇಡಿ. ಒಬ್ಬರಿಗೆ ಹಾಕಿದರೆ ಎಲ್ಲರೂ ಕಳಿಸ್ತಾರೆ.

ಮುಂಗುರುಳು

ಹಾಕಬೇಕು. ನಾಳೆ ತೇಪೆ ಕಿತ್ತುಬಂದರೆ ಅವರು ಆವತ್ತೇ ಹೇಳಿದ್ದರು ಅನ್ನೋದಕ್ಕೆ ಇನ್ನೇನು ಸಾಕ್ಷಿ?

ಹಳೇಪೆನ್ನು

ವಿರೋಧಿಸಿದವರು ಕೇಳಿದರೆ ಕಾರಣ ಹಾಕೋದು ನನ್ನ ರೂಢಿ. ಆದರೆ ಒಂದು ವಾಕ್ಯ, ಕೆಲಸದ ಬಗ್ಗೆ ಮಾತ್ರ. ಅದನ್ನು ಅವರು ಚಾಟಿನಲ್ಲೇ ಹೇಳಿದ್ದಾರಲ್ಲ: "ಭಾಗಶಃ ದುರಸ್ತಿ ಮಾಡಿದರೆ ಮುಂದಿನ ವರ್ಷ ಮತ್ತೆ ಸೋರುತ್ತದೆ ಎಂಬ ಕಾರಣಕ್ಕೆ ಒಬ್ಬ ಸದಸ್ಯರು ವಿರೋಧಿಸಿದರು." ಇದನ್ನು ಅವರಿಗೇ ತೋರಿಸಿ. ಒಪ್ಪದಿದ್ದರೆ ಅವರ ಪತ್ರವನ್ನು ಸಭೆಯ ಮುಂದಿಡಿ, ಲಗತ್ತಿಸಬೇಕೋ ಬೇಡವೋ ಸಭೆ ಹೇಳಲಿ. ನೀವು ನಡುವೆ ನಿಲ್ಲಬೇಡಿ.

ತೊಟ್ಟಿಲಗುಬ್ಬಿ

ತೋರಿಸಿದೆ. "ಒಬ್ಬ ಸದಸ್ಯರು" ಬೇಡವಂತೆ, ಹೆಸರೇ ಹಾಕಬೇಕಂತೆ. ಅವರ ಹೆಸರು ಹಾಕಿದರೆ ತಮ್ಮ ಹೆಸರೂ ಬರಲಿ ಅಂತ ಒಪ್ಪಿದವರಲ್ಲಿ ಇಬ್ಬರು ಕೇಳ್ತಿದ್ದಾರೆ. ತಟಸ್ಥರು ಮಾತ್ರ ತಮ್ಮ ಹೆಸರು ಬೇಡ ಅಂದರು.

ಲೆಕ್ಕದಪುಸ್ತಕ

ಹಾಕಿದರೆ ಎಲ್ಲರದ್ದೂ, ಇಲ್ಲದಿದ್ದರೆ ಯಾರದ್ದೂ ಬೇಡ. ಭಾನುವಾರ ಅದನ್ನೇ ಮೊದಲ ವಿಷಯ ಮಾಡಿಕೊಳ್ಳಿ.

ಗಾಳಿಪಟ

ಎಲ್ಲಾ ಓದಿದೆ. ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಾಗೆ ಮಾಡಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.